ಮಧ್ಯಾಹ್ನ ಬಾಡುವ ಟೊಮೆಟೊ: ನೀರು, ಗೊಬ್ಬರ ಕೊಡುವ ಮೊದಲು ಬೇರು ಕಿತ್ತು ನೋಡಿ, ಬೇರುಗಂಟು ಜಂತುಹುಳು ಪತ್ತೆ ಮತ್ತು ನಿರ್ವಹಣೆ ಹೇಗೆ?

ಬೆಳಗ್ಗೆ ಚೆನ್ನಾಗಿಯೇ ಇದ್ದ ಟೊಮೆಟೊ ಗಿಡ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ. ಸಂಜೆ ತಂಪಾದಾಗ ಮತ್ತೆ ತಲೆ ಎತ್ತುತ್ತದೆ. ಮಣ್ಣಿನಲ್ಲಿ ತೇವ ಇದೆ, ಗೊಬ್ಬರವೂ ಬಿದ್ದಿದೆ, ಆದರೂ ಎಲೆ ಹಳದಿಯಾಗುತ್ತಿದೆ, ಗಿಡ ಮೇಲೇಳುತ್ತಿಲ್ಲ. ಇಂಥ ಗಿಡ ಕಂಡಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಇನ್ನಷ್ಟು ನೀರು ಬಿಡುವುದು. ಇನ್ನೊಂದು, ಇನ್ನಷ್ಟು ಗೊಬ್ಬರ ಹಾಕುವುದು. ಸಮಸ್ಯೆ ಬೇರುಗಂಟು ಜಂತುಹುಳುವಿನದಾಗಿದ್ದರೆ ಈ ಎರಡೂ ಖರ್ಚು ವ್ಯರ್ಥ. ಬೇರಿನೊಳಗಿನ ಕೊಳವೆಗಳೇ ಕೆಟ್ಟಿರುವಾಗ ಮಣ್ಣಿನಲ್ಲಿರುವ ನೀರು ಮತ್ತು ಪೋಷಕಾಂಶ ಮೇಲಕ್ಕೆ ಹೋಗುವುದಿಲ್ಲ.

ಸಸ್ಯ ಪರಾವಲಂಬಿ ಜಂತುಹುಳುಗಳಲ್ಲಿ ಸಾವಿರಾರು ಪ್ರಭೇದಗಳಿವೆ. ಅವುಗಳಲ್ಲಿ ಸಸ್ಯ ಸಂರಕ್ಷಣೆ ಓದುವ ವಿದ್ಯಾರ್ಥಿ ಹೊಲದಲ್ಲಿ ಮೊದಲು ಎದುರಾಗುವುದು ಬೇರುಗಂಟು ಜಂತುಹುಳುವಿಗೆ. ಇದರ ಕುಲದ ಹೆಸರು ಮೆಲಾಯ್ಡೊಗೈನೆ. ದಕ್ಷಿಣ ಭಾರತದಲ್ಲಿ ಇದರ ದಾಖಲೆ ಹಳೆಯದು. 1901ರಲ್ಲಿ ಸಿ.ಎ. ಬಾರ್ಬರ್ ಅವರು ಇಂದಿನ ತಮಿಳುನಾಡಿನ ದೇವಾಲಾ ಎಸ್ಟೇಟಿನ ಚಹಾ ಗಿಡಗಳ ಬೇರಿನಲ್ಲಿ ಇದನ್ನು ಗುರುತಿಸಿದ್ದರು. ಇವತ್ತು ಟೊಮೆಟೊ, ಬದನೆ, ಬೆಂಡೆ, ಸೌತೆ, ದಾಳಿಂಬೆ, ಸೀಬೆ ಹೀಗೆ ನೂರಾರು ಬೆಳೆಗಳಲ್ಲಿ ಇದು ಕಾಣಿಸುತ್ತದೆ. ಟೊಮೆಟೊ ಉದಾಹರಣೆಯಲ್ಲಿ ಇದನ್ನು ಪತ್ತೆ ಮಾಡುವುದು, ಎಣಿಸುವುದು ಮತ್ತು ನಿರ್ವಹಿಸುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಬೇರಿನೊಳಗೆ ನಡೆಯುವುದೇನು?

ಮೊಟ್ಟೆಯಿಂದ ಹೊರಬರುವುದು ಎರಡನೇ ಹಂತದ ಮರಿಹುಳು. ಉದ್ದ ಸುಮಾರು 0.4 ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಕಣಗಳ ನಡುವಿನ ತೇವದಲ್ಲಿ ಈಜುತ್ತಾ ಬೇರಿನ ತುದಿಯ ಹತ್ತಿರ ಬಂದು ಒಳನುಗ್ಗುತ್ತದೆ. ಜೀವಕೋಶಗಳ ನಡುವಿನ ಸಂದಿಯಲ್ಲೇ ಸಾಗಿ, ನೀರು ಮತ್ತು ಆಹಾರ ಸಾಗಿಸುವ ನಡುಭಾಗದ ಬಳಿ ನೆಲೆ ನಿಲ್ಲುತ್ತದೆ.

ಅಲ್ಲಿ ಅದು ಸೂಜಿಯಂಥ ಬಾಯಿಯಿಂದ ಕೆಲವು ಜೀವಕೋಶಗಳಿಗೆ ಸ್ರಾವ ಸೇರಿಸುತ್ತದೆ. ಆ ಕೋಶಗಳಲ್ಲಿ ಕೋಶಕೇಂದ್ರ ಮತ್ತೆ ಮತ್ತೆ ವಿಭಜನೆಯಾಗುತ್ತದೆ, ಆದರೆ ಕೋಶ ಮಾತ್ರ ಎರಡಾಗುವುದಿಲ್ಲ. ಹೀಗೆ ಹಲವು ಕೋಶಕೇಂದ್ರಗಳಿರುವ ದೈತ್ಯ ಕೋಶಗಳು ಹುಟ್ಟುತ್ತವೆ. ಗಿಡ ತಯಾರಿಸಿದ ಆಹಾರ ಇವುಗಳ ಕಡೆಗೆ ಹರಿಯುತ್ತದೆ, ಹುಳು ಅದನ್ನು ಹೀರುತ್ತದೆ. ಸುತ್ತಲಿನ ಕೋಶಗಳು ಊದಿಕೊಂಡು, ಸಂಖ್ಯೆಯಲ್ಲೂ ಹೆಚ್ಚಾಗಿ ಹೊರಗೆ ಗಂಟಿನಂತೆ ಕಾಣುತ್ತವೆ. ಗಂಟು ಎಂಬುದು ಹುಳು ಅಲ್ಲ, ಹುಳುವಿಗೆ ಗಿಡವೇ ಕಟ್ಟಿಕೊಟ್ಟ ಮನೆ ಎಂದು ಅರ್ಥ ಮಾಡಿಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ಹುಳು ಸತ್ತರೂ ಗಂಟು ಕರಗುವುದಿಲ್ಲ, ಕೆಟ್ಟ ಕೊಳವೆ ಸರಿಯಾಗುವುದಿಲ್ಲ.

ನೆಲೆ ನಿಂತ ಹೆಣ್ಣುಹುಳು ಮತ್ತೆ ಚಲಿಸುವುದಿಲ್ಲ. ಪೇರುಕಾಯಿಯ ಆಕಾರಕ್ಕೆ ಊದಿಕೊಂಡು, ಬೇರಿನ ಮೇಲ್ಮೈಗೆ ಅಂಟಿನಂಥ ಚೀಲದಲ್ಲಿ ಸಾಮಾನ್ಯವಾಗಿ 200ರಿಂದ 500 ಮೊಟ್ಟೆ ಇಡುತ್ತದೆ. ಹೆಚ್ಚು ಹಾನಿ ಮಾಡುವ ಇನ್‌ಕಾಗ್ನಿಟಾ ಪ್ರಭೇದದಲ್ಲಿ ಮೊಟ್ಟೆ ಇಡಲು ಗಂಡಿನ ಅಗತ್ಯವೂ ಇಲ್ಲ. ಮಣ್ಣಿನ ತಾಪಮಾನ 25ರಿಂದ 28 ಡಿಗ್ರಿ ಇದ್ದರೆ ಒಂದು ಪೀಳಿಗೆ ಮುಗಿಯಲು ಸುಮಾರು 25ರಿಂದ 30 ದಿನ ಸಾಕು.

ನಾಲ್ಕು ತಿಂಗಳ ಟೊಮೆಟೊ ಬೆಳೆಯಲ್ಲಿ ಇದರರ್ಥ ಏನು? ಒಂದು ಹೆಣ್ಣು 300 ಮೊಟ್ಟೆ ಇಟ್ಟು, ಅದರಲ್ಲಿ ಶೇ. 5ರಷ್ಟು ಮಾತ್ರ ಮುಂದಿನ ಹೆಣ್ಣುಗಳಾಗುತ್ತವೆ ಎಂದು ಲೆಕ್ಕ ಹಾಕೋಣ. ಮೊದಲ ಪೀಳಿಗೆಯಲ್ಲಿ 15, ಎರಡನೆಯದರಲ್ಲಿ 225, ಮೂರನೆಯದರಲ್ಲಿ 3,375. ಇದು ಬರೀ ಕಾಗದದ ಲೆಕ್ಕ. ಹೊಲದಲ್ಲಿ ಬೇರಿನ ಜಾಗವೇ ಮುಗಿದು ಏರಿಕೆ ನಿಲ್ಲುತ್ತದೆ. ಆದರೆ ನಾಟಿ ದಿನ ಮಣ್ಣಿನಲ್ಲಿ ಎಷ್ಟು ಹುಳು ಇದ್ದವು ಎಂಬುದೇ ಬೆಳೆಯ ಭವಿಷ್ಯ ನಿರ್ಧರಿಸುತ್ತದೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಬೇರು ನೋಡುವ ಕ್ರಮ

ಗಿಡವನ್ನು ಕಾಂಡ ಹಿಡಿದು ಎಳೆಯಬಾರದು. ಹಾಗೆ ಮಾಡಿದರೆ ಗಂಟಿರುವ ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿದು, ದಪ್ಪ ಬೇರು ಮಾತ್ರ ಕೈಗೆ ಬರುತ್ತದೆ. ಸಲಿಕೆಯಿಂದ ಬುಡದ ಸುತ್ತ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ನಿಧಾನವಾಗಿ ಮಣ್ಣು ಬಿಡಿಸಬೇಕು.

ಗಂಟು ಚಿಕ್ಕದಾಗಿದ್ದಾಗ ಸಾಸಿವೆ ಕಾಳಿನಷ್ಟಿರುತ್ತದೆ. ಹಾವಳಿ ಹೆಚ್ಚಾದಾಗ ಹಲವು ಗಂಟು ಒಂದಕ್ಕೊಂದು ಸೇರಿ ಬೇರು ಶುಂಠಿಯಂತೆ ಕಾಣುತ್ತದೆ. ಸಣ್ಣ ಕೂದಲು ಬೇರುಗಳು ಕಡಿಮೆಯಾಗಿರುತ್ತವೆ. ಬೆಳೆಯ ಕೊನೆಯಲ್ಲಿ ಗಂಟುಗಳು ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತವೆ. ಆಗ ನೋಡಿದವರು ಇದನ್ನು ಬರೀ ಬೇರು ಕೊಳೆ ರೋಗ ಎಂದು ತಿಳಿಯುವ ಸಾಧ್ಯತೆ ಹೆಚ್ಚು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಇನ್ನೊಂದು ಜಾಗ ಅಲಸಂದೆ, ಸೋಯಾ, ಹೆಸರು ಮುಂತಾದ ದ್ವಿದಳ ಬೆಳೆಗಳು. ಇವುಗಳ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ರೈಜೋಬಿಯಂ ಗಂಟುಗಳೂ ಇರುತ್ತವೆ. ವ್ಯತ್ಯಾಸ ತಿಳಿಯಲು ಬೆರಳೇ ಸಾಕು. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಬಿಡಿಸಿಕೊಳ್ಳುತ್ತದೆ, ಕತ್ತರಿಸಿದರೆ ಒಳಗೆ ನಸುಗೆಂಪು. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು. ಅದನ್ನು ಬಿಡಿಸಲು ಹೋದರೆ ಬೇರೇ ತುಂಡಾಗುತ್ತದೆ.

ಗಂಟು ಇಲ್ಲ ಎಂದರೆ ಜಂತುಹುಳು ಇಲ್ಲ ಎಂದೂ ಅಲ್ಲ. ಬಾಳೆಯನ್ನು ಕಾಡುವ ಕೊರೆಯುವ ಜಂತುಹುಳು ಗಂಟು ಮಾಡದೆ ಬೇರಿನೊಳಗೆ ಕೆಂಪು ಮಿಶ್ರಿತ ಕಂದು ಮಚ್ಚೆ ಮಾಡುತ್ತದೆ, ಗೊನೆ ಬಿಟ್ಟ ಗಿಡ ಗಾಳಿಗೆ ಬುಡಸಮೇತ ಉರುಳುತ್ತದೆ. ನೀಲಗಿರಿಯಲ್ಲಿ 1961ರಲ್ಲಿ ಪತ್ತೆಯಾದ ಆಲೂಗಡ್ಡೆಯ ಕೋಶ ಜಂತುಹುಳುವಿನ ಹೆಣ್ಣುಗಳು ಬೇರಿನ ಮೇಲೆ ಗುಂಡುಸೂಜಿ ತಲೆಯಷ್ಟು ಗಾತ್ರದ ಬಿಳಿ ಅಥವಾ ಹಳದಿ ಮಣಿಗಳಂತೆ ಕಾಣುತ್ತವೆ. ಹಾಗಾಗಿ ಬೇರಿನಲ್ಲಿ ಗಂಟು, ಮಚ್ಚೆ, ಮಣಿ ಈ ಮೂರನ್ನೂ ಹುಡುಕುವುದು ರೂಢಿಯಾಗಬೇಕು.

ಒಂದು ಎಕರೆಯ ಲೆಕ್ಕ

ಅಭ್ಯಾಸಕ್ಕಾಗಿ ಒಂದು ಎಕರೆ ಟೊಮೆಟೊ ತಾಕನ್ನು ಊಹಿಸಿಕೊಳ್ಳೋಣ. ನೀರು ಹರಿದು ಹೋಗಿ ನಿಲ್ಲುವ ಕೆಳಭಾಗದಲ್ಲಿ ಗಿಡಗಳು ತೇಪೆ ತೇಪೆಯಾಗಿ ಗಿಡ್ಡವಾಗಿವೆ. ಜಂತುಹುಳುಗಳು ತಾವಾಗಿಯೇ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಮೀಟರ್ ಸಾಗಬಲ್ಲವು. ದೂರಕ್ಕೆ ಹರಡುವುದು ನೀರು, ನೇಗಿಲು, ಟ್ರ್ಯಾಕ್ಟರ್ ಚಕ್ರ ಮತ್ತು ಸಸಿಗಳಿಂದ. ಹಾಗಾಗಿ ತೇಪೆಯಾಗಿ ಕಾಣುವ ಹಾನಿಯೇ ಮೊದಲ ಸುಳಿವು.

ಕೊನೆಯ ಕೊಯ್ಲಿನ ಹೊತ್ತಿಗೆ ಕೆಳಭಾಗದಿಂದ ಐದು, ಮೇಲ್ಭಾಗದಿಂದ ಐದು ಗಿಡ ಅಗೆದು 0ಯಿಂದ 5ರವರೆಗಿನ ಗಂಟು ಸೂಚ್ಯಂಕ ಕೊಡಲಾಗುತ್ತದೆ. ಗಂಟೇ ಇಲ್ಲದಿದ್ದರೆ 0. ಒಂದೆರಡು ಗಂಟು ಇದ್ದರೆ 1, ಮೂರರಿಂದ ಹತ್ತಕ್ಕೆ 2, ಹನ್ನೊಂದರಿಂದ ಮೂವತ್ತಕ್ಕೆ 3, ಮೂವತ್ತೊಂದರಿಂದ ನೂರಕ್ಕೆ 4, ನೂರಕ್ಕಿಂತ ಹೆಚ್ಚಾದರೆ 5.

ಕೆಳಭಾಗದ ಗಿಡಗಳಿಗೆ 4, 4, 5, 4, 3 ಬಂತು ಎನ್ನೋಣ. ಸರಾಸರಿ 4. ಮೇಲ್ಭಾಗದ ಗಿಡಗಳಿಗೆ 0, 1, 0, 2, 1 ಬಂತು. ಸರಾಸರಿ 0.8. ಹತ್ತನ್ನೂ ಸೇರಿಸಿದರೆ ಸರಾಸರಿ 2.4. ವರದಿಯಲ್ಲಿ ಈ 2.4 ಮಾತ್ರ ಬರೆದರೆ ಹೊಲದ ನಿಜ ಸ್ಥಿತಿ ಮರೆಯಾಗುತ್ತದೆ. ಇಲ್ಲಿ ಇರುವುದು ಮಧ್ಯಮ ಹಾವಳಿಯ ಒಂದು ಹೊಲ ಅಲ್ಲ, ತೀವ್ರ ಹಾವಳಿಯ ಒಂದು ತುಂಡು ಮತ್ತು ಬಹುತೇಕ ಶುದ್ಧವಾದ ಇನ್ನೊಂದು ತುಂಡು. ನಿರ್ವಹಣೆಯೂ ಬೇರೆ ಬೇರೆ ಆಗಬೇಕು. ಉಳುಮೆ, ಕಳೆ ತೆಗೆಯುವ ಕೆಲಸ ಮೇಲ್ಭಾಗದಲ್ಲಿ ಮೊದಲು ಮುಗಿಸಿ, ನಂತರ ಕೆಳಭಾಗಕ್ಕೆ ಹೋಗಬೇಕು. ಉಪಕರಣಗಳನ್ನು ತೊಳೆದ ಮೇಲೆಯೇ ವಾಪಸ್ ತರಬೇಕು.

ಮಣ್ಣಿನ ಎಣಿಕೆ ಮುಂದಿನ ಹೆಜ್ಜೆ. 15ರಿಂದ 20 ಸೆಂಟಿಮೀಟರ್ ಆಳದ ತೇವದ ಮಣ್ಣನ್ನು ಪ್ರತಿ ಭಾಗದಲ್ಲೂ ಹತ್ತಾರು ಕಡೆ ತೆಗೆದು ಬೆರೆಸಿ, ಅರ್ಧ ಕಿಲೋದಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ರಸಗೊಬ್ಬರದ ಶಿಫಾರಸಿಗೆ ಕಳಿಸುವ ಮಣ್ಣನ್ನು ನೆರಳಲ್ಲಿ ಒಣಗಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಹುಳುಗಳೇ ಸಾಯುತ್ತವೆ, ವರದಿ ತಪ್ಪಾಗುತ್ತದೆ. ಚೀಲ ಬಿಸಿಲಿನಲ್ಲಿ, ವಾಹನದ ಡಿಕ್ಕಿಯಲ್ಲಿ ಇರಬಾರದು.

ಪ್ರಯೋಗಾಲಯದಲ್ಲಿ 200 ಘನ ಸೆಂಟಿಮೀಟರ್ ಮಣ್ಣನ್ನು ನೀರಿನಲ್ಲಿ ಕಲಕಿ, ಸಾಲು ಜರಡಿಗಳಲ್ಲಿ ಸೋಸುತ್ತಾರೆ. ಕೊನೆಯ ಸೂಕ್ಷ್ಮ ಜರಡಿಯಲ್ಲಿ ಉಳಿದದ್ದನ್ನು ಟಿಶ್ಯೂ ಕಾಗದದ ಮೇಲೆ ಹರವಿ, ಕೆಳಭಾಗ ನೀರಿಗೆ ತಾಗುವಂತೆ 24ರಿಂದ 48 ಗಂಟೆ ಇಡುತ್ತಾರೆ. ಜೀವಂತ ಹುಳುಗಳು ಕಾಗದ ದಾಟಿ ನೀರಿಗಿಳಿಯುತ್ತವೆ. ಆ ನೀರನ್ನು 100 ಮಿಲಿಲೀಟರ್‌ಗೆ ತಂದು, 5 ಮಿಲಿಲೀಟರ್‌ನಲ್ಲಿ ಸರಾಸರಿ 12 ಮರಿಹುಳು ಎಣಿಸಿದರೆ, ಒಟ್ಟು 240. ಅಂದರೆ ಪ್ರತಿ ಘನ ಸೆಂಟಿಮೀಟರ್ ಮಣ್ಣಿಗೆ 1.2. ಟೊಮೆಟೊದಂಥ ಬೆಳೆಗೆ ನಾಟಿ ವೇಳೆ ಒಂದರಿಂದ ಎರಡು ಮರಿಹುಳು ಇದ್ದರೆ ಹಾನಿಯ ಮಟ್ಟ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆದ್ದರಿಂದ ಈ ಕೆಳಭಾಗದಲ್ಲಿ ಕ್ರಮ ಕೈಗೊಳ್ಳದೆ ಮತ್ತೆ ಟೊಮೆಟೊ ನೆಡುವಂತಿಲ್ಲ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಕಾಗದ ದಾಟಿ ಬರುವುದು ಚಲಿಸುವ ಮರಿಗಳು ಮಾತ್ರ. ಚೀಲದೊಳಗಿನ ಮೊಟ್ಟೆ, ಬೇರಿನ ತುಂಡಿನೊಳಗಿನ ಹೆಣ್ಣು ಲೆಕ್ಕಕ್ಕೆ ಸಿಗುವುದಿಲ್ಲ. ಒಣ ಬೇಸಿಗೆಯಲ್ಲಿ ಸೊನ್ನೆ ಬಂದರೂ ಮಣ್ಣು ಶುದ್ಧ ಎಂದು ನಂಬಬಾರದು. ಅನುಮಾನ ಇದ್ದರೆ ಆ ಮಣ್ಣನ್ನೇ ಕುಂಡಕ್ಕೆ ತುಂಬಿ, ನಿರೋಧಕವಲ್ಲದ ಟೊಮೆಟೊ ಸಸಿ ನೆಟ್ಟು, ನಾಲ್ಕರಿಂದ ಐದು ವಾರ ನೀರು ಕೊಟ್ಟು ಬೇರು ತೊಳೆದು ನೋಡಬೇಕು. ಸೂಕ್ಷ್ಮದರ್ಶಕ ಇಲ್ಲದ ಕಡೆಯೂ ಮಾಡಬಹುದಾದ ಪರೀಕ್ಷೆ ಇದು.

ನಾಟಿಗೆ ಮೊದಲೇ ಗೆಲ್ಲಬೇಕು

ಗಂಟು ಕಟ್ಟಿದ ಬೇರನ್ನು ಸರಿಮಾಡುವ ಔಷಧ ಇಲ್ಲ. ಹಾಗಾಗಿ ಕೆಲಸದ ಬಹುಪಾಲು ಬೆಳೆ ಮುಗಿದ ದಿನದಿಂದ ಮುಂದಿನ ನಾಟಿಯವರೆಗಿನ ಅವಧಿಯಲ್ಲಿ ನಡೆಯಬೇಕು.

ಮೊದಲನೆಯದು ಹಳೆಯ ಬೇರು ತೆಗೆಯುವುದು. ಕೊಯ್ಲು ಮುಗಿದ ಗಿಡವನ್ನು ಕಾಂಡ ಕತ್ತರಿಸಿ ಬೇರು ಮಣ್ಣಿನಲ್ಲೇ ಬಿಟ್ಟರೆ, ಬೇರು ಹಸಿಯಾಗಿರುವಷ್ಟು ದಿನ ಹೆಣ್ಣುಹುಳು ಮೊಟ್ಟೆ ಇಡುತ್ತಲೇ ಇರುತ್ತದೆ. ಬೇರುಸಮೇತ ಕಿತ್ತು ಹೊಲದ ಹೊರಗೆ ಒಣಗಿಸಿ ನಾಶ ಮಾಡಬೇಕು, ತಿಪ್ಪೆಗೆ ಎಸೆಯಬಾರದು. ಆಮೇಲೆ ಏಪ್ರಿಲ್, ಮೇ ಬಿಸಿಲಿನಲ್ಲಿ ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಆಳವಾಗಿ ಉಳುಮೆ ಮಾಡಿದರೆ ಮೊಟ್ಟೆ, ಮರಿಗಳು ಬಿಸಿಲು ಮತ್ತು ಒಣಗುವಿಕೆಗೆ ಸಿಕ್ಕಿ ಸಾಯುತ್ತವೆ.

ಎರಡನೆಯದು ಸಸಿ. ಹೊಲ ಎಷ್ಟೇ ಶುದ್ಧವಾಗಿದ್ದರೂ ಗಂಟಿರುವ ಸಸಿ ನೆಟ್ಟರೆ ಸಾಲು ಸಾಲಾಗಿ ಹುಳುವನ್ನು ಕೈಯಾರೆ ಬಿತ್ತಿದಂತೆ. ಶುದ್ಧ ಕೋಕೋಪೀಟ್ ತುಂಬಿದ ಪ್ರೋಟ್ರೇಯಲ್ಲಿ, ನೆಲಕ್ಕೆ ತಾಗದಂತೆ ಬೆಳೆಸಿದ ಸಸಿ ಒಳ್ಳೆಯದು. ಹೊರಗಿನಿಂದ ಕೊಳ್ಳುವಾಗ ಕೆಲವು ಸಸಿಗಳ ಬೇರು ತೊಳೆದು ನೋಡದೆ ಹಣ ಕೊಡಬಾರದು. ನೆಲದ ಮಡಿಯಲ್ಲೇ ಬೆಳೆಸುವುದಾದರೆ ಮಡಿಗೆ ನೀರು ಕೊಟ್ಟು, 25 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ, ಕಡು ಬೇಸಿಗೆಯಲ್ಲಿ ನಾಲ್ಕರಿಂದ ಆರು ವಾರ ಬಿಡಬೇಕು. ಹಾಳೆ ಕಪ್ಪಗಿರಬಾರದು. ಪಾರದರ್ಶಕ ಹಾಳೆಯಡಿ ಮೇಲ್ಪದರದ ಮಣ್ಣು 45 ಡಿಗ್ರಿ ದಾಟಬಲ್ಲದು, ಕಪ್ಪು ಹಾಳೆಯಡಿ ಅಷ್ಟು ಕಾಯುವುದಿಲ್ಲ. ಒಣ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುವುದಿಲ್ಲ, ಅದಕ್ಕಾಗಿಯೇ ಮೊದಲು ನೀರು. ಆದರೂ ಆಳದಲ್ಲಿರುವ ಹುಳುಗಳು ಉಳಿಯುತ್ತವೆ. ಆದ್ದರಿಂದ ಇದು ಸಸಿಮಡಿ, ಪಾಲಿಹೌಸ್‌ಗಳಿಗೆ ಹೊಂದುವ ಕ್ರಮ. ಎಕರೆಗಟ್ಟಲೆ ಹೊಲಕ್ಕೆ ದುಬಾರಿ.

ಮೂರನೆಯದು ಬೆಳೆ ಬದಲಾವಣೆ. ಟೊಮೆಟೊ ನಂತರ ಬದನೆ, ಬೆಂಡೆ, ಸೌತೆ ಹಾಕಿದರೆ ಹುಳುವಿಗೆ ಊಟದ ತಟ್ಟೆ ಬದಲಾಗುತ್ತದೆ, ಊಟ ನಿಲ್ಲುವುದಿಲ್ಲ. ಚೆಂಡು ಹೂವಿನ ಬೇರಿನೊಳಗೆ ಹೋದ ಮರಿ ಬೆಳೆಯಲಾರದೆ ಸಾಯುತ್ತದೆ. ಅದರ ಬೇರಿನಲ್ಲಿರುವ ಆಲ್ಫಾ ಟರ್ಥಿಯೆನಿಲ್ ಎಂಬ ರಾಸಾಯನಿಕ ಇದಕ್ಕೆ ಒಂದು ಕಾರಣ. ಆದರೆ ಬದುವಿನ ಮೇಲೆ ಒಂದು ಸಾಲು ಚೆಂಡು ಹೂ ನೆಟ್ಟು ಹೊಲವೆಲ್ಲ ಶುದ್ಧವಾಗಲಿ ಎಂದರೆ ಆಗದು. ಹಾವಳಿ ಇರುವ ತುಂಡಿನಲ್ಲಿ ಒತ್ತಾಗಿ, ಪೂರ್ಣ ಬೆಳೆಯಾಗಿ, ಕನಿಷ್ಠ ಎರಡು ಮೂರು ತಿಂಗಳು ಇರಬೇಕು. ನಡುವೆ ಗಣಿಕೆಯಂಥ ಕಳೆಗಳು ಬೆಳೆದರೆ ಹುಳು ಅವುಗಳಲ್ಲೇ ಬದುಕಿ ಶ್ರಮವೆಲ್ಲ ಹಾಳಾಗುತ್ತದೆ. ಎಳ್ಳು, ಅಪ್ಸೆಣಬು ಕೂಡ ಈ ಸರದಿಗೆ ಹೊಂದುತ್ತವೆ.

ಜೈವಿಕ ಗೊಬ್ಬರ, ಔಷಧ: ಎಲ್ಲಿ ಉಪಯೋಗ, ಎಲ್ಲಿ ಇಲ್ಲ

ಪರ್ಪ್ಯೂರಿಯೊಸಿಲಿಯಂ ಲಿಲಾಸಿನಂ ಮತ್ತು ಪೊಕೋನಿಯಾ ಕ್ಲಾಮಿಡೊಸ್ಪೋರಿಯಾ ಎಂಬ ಶಿಲೀಂಧ್ರಗಳು ಜಂತುಹುಳುವಿನ ಮೊಟ್ಟೆಗಳ ಮೇಲೆ ಬೆಳೆದು ಅವನ್ನು ನಾಶಪಡಿಸುತ್ತವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಂಥ ಜೈವಿಕ ಉತ್ಪನ್ನಗಳನ್ನು ಅಭಿವೃದ್ಧಿಪಡಿಸಿದೆ. ಪುಡಿಯನ್ನು ನೇರವಾಗಿ ಹೊಲಕ್ಕೆ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕುವುದು ಪರಿಣಾಮಕಾರಿ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಎರಡು ಕಿಲೋ ಜೈವಿಕ ಪುಡಿ ಬೆರೆಸಿ, ನೆರಳಿನಲ್ಲಿ, ಹದವಾದ ತೇವದಲ್ಲಿ ಸುಮಾರು 15 ದಿನ ಮುಚ್ಚಿಟ್ಟು, ನಡುವೆ ತಿರುವಿ ಹಾಕಬೇಕು. ನಾಟಿ ಪಾತಿಗೆ ಇದನ್ನು ಸೇರಿಸಬೇಕು. ಬೇವಿನ ಹಿಂಡಿ ಹಾಕುವುದಾದರೆ ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿ ಕಳಿಯಬೇಕು.

ಇಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಒಂದೇ. ಜೈವಿಕ ಶಿಲೀಂಧ್ರ ಹಾಕಿದ ವಾರದಲ್ಲೇ ಸೊರಗು ರೋಗಕ್ಕೆಂದು ಬುಡಕ್ಕೆ ಶಿಲೀಂಧ್ರನಾಶಕ ಸುರಿಯುವುದು. ಅದು ರೋಗದ ಶಿಲೀಂಧ್ರ, ಉಪಕಾರಿ ಶಿಲೀಂಧ್ರ ಎಂದು ಭೇದ ಮಾಡುವುದಿಲ್ಲ. ಜೊತೆಗೆ ಜೈವಿಕ ವಿಧಾನ ನಿಧಾನ. ಬಾಡುತ್ತಿರುವ ಬೆಳೆಯನ್ನು ಈ ಋತುವಿನಲ್ಲೇ ಎಬ್ಬಿಸುವ ಭರವಸೆಯಿಂದ ಇದನ್ನು ಬಳಸಬಾರದು.

ರಾಸಾಯನಿಕಗಳ ವಿಷಯದಲ್ಲಿ ಹಳೆಯ ಪಠ್ಯಪುಸ್ತಕದ ಪಟ್ಟಿ ಕಣ್ಣುಮುಚ್ಚಿ ನಂಬುವಂತಿಲ್ಲ. ಅದರಲ್ಲಿರುವ ಫೋರೇಟ್ ಮಾರಾಟ, ಬಳಕೆ ಭಾರತದಲ್ಲಿ 2020ರ ಕೊನೆಗೆ ನಿಂತಿದೆ. ಈಗ ಫ್ಲುಯೋಪೈರಮ್, ಫ್ಲುಯೆನ್ಸಲ್ಫೋನ್‌ನಂಥ ಹೊಸ ಔಷಧಗಳಿವೆ. ಇವು ನಾಟಿ ಸಮಯದ ಆಸುಪಾಸಿನಲ್ಲಿ, ಮರಿಹುಳು ಬೇರಿಗೆ ನುಗ್ಗುವ ಮೊದಲೇ ಮಣ್ಣಿನಲ್ಲಿದ್ದರೆ ಮಾತ್ರ ಹಣಕ್ಕೆ ತಕ್ಕ ಫಲ. ಪ್ರಮಾಣ, ಬೆಳೆ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳನ್ನು ಡಬ್ಬಿಯ ಲೇಬಲ್‌ನಿಂದಲೇ ತೆಗೆದುಕೊಳ್ಳಬೇಕು.

ನಿರೋಧಕ ತಳಿ ಸೋಲುವುದು ಯಾವಾಗ?

ಟೊಮೆಟೊದ ಕಾಡು ಸಂಬಂಧಿಯಿಂದ ಬಂದ ಎಂಐ ಎಂಬ ಜೀನ್ ಇರುವ ತಳಿಗಳಲ್ಲಿ, ಮರಿಹುಳು ನೆಲೆ ನಿಲ್ಲುವ ಜಾಗದ ಕೋಶಗಳು ತಾವೇ ಸತ್ತು ಹುಳುವನ್ನು ಹಸಿವಿನಿಂದ ಕೊಲ್ಲುತ್ತವೆ. ಭಾರತದಲ್ಲಿ ಹಿಸಾರ್ ಲಲಿತ್‌ನಂಥ ನಿರೋಧಕ ತಳಿಗಳು ಬಿಡುಗಡೆಯಾಗಿವೆ. ಆದರೆ ಎಂಐ ಜೀನ್‌ಗೆ ಎರಡು ದೌರ್ಬಲ್ಯಗಳಿವೆ. ಮಣ್ಣಿನ ತಾಪಮಾನ 28 ಡಿಗ್ರಿ ದಾಟಿದರೆ ಅದರ ಶಕ್ತಿ ಕುಂದುತ್ತದೆ. ಹೈದರಾಬಾದ್, ಚೆನ್ನೈ ಸುತ್ತಲಿನ ಬೇಸಿಗೆ ಬೆಳೆಗೆ, ಪಾಲಿಹೌಸ್‌ಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ಹುಳುವಿನ ಪ್ರಭೇದ. ಇನ್‌ಕಾಗ್ನಿಟಾ, ಜವಾನಿಕಾ ಪ್ರಭೇದಗಳನ್ನು ತಡೆಯುವ ಈ ಜೀನ್ ಎಂಟೆರೊಲೋಬಿಯೈ ಎಂಬ ಪ್ರಭೇದದ ಮುಂದೆ ಕೆಲಸ ಮಾಡುವುದಿಲ್ಲ. ಕಳೆದ ದಶಕದಲ್ಲಿ ತಮಿಳುನಾಡಿನ ಸೀಬೆ ತೋಟಗಳಲ್ಲಿ ಗಿಡ ಸೊರಗಲು ಕಾರಣ ಎಂದು ವರದಿಯಾದ ಹುಳು ಇದೇ. ಗಂಟು ಬಿದ್ದ ಸೀಬೆ ಸಸಿಯೊಂದಿಗೆ ಇದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಬಲ್ಲದು. ಟೊಮೆಟೊ ನಿರೋಧಕ ತಳಿಯ ಬೇರಿನಲ್ಲೂ ದಪ್ಪ ಗಂಟು ಕಂಡರೆ ಬೀಜ ನಕಲಿ ಎಂದು ತೀರ್ಮಾನಿಸುವ ಮೊದಲು ಮಣ್ಣಿನ ತಾಪಮಾನ ಮತ್ತು ಹುಳುವಿನ ಪ್ರಭೇದ ಎರಡನ್ನೂ ಪರೀಕ್ಷಿಸಬೇಕು. ಎರಡನೆಯದಕ್ಕೆ ಜಂತುಹುಳು ತಜ್ಞರಿರುವ ಕೃಷಿ ಅಥವಾ ತೋಟಗಾರಿಕಾ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಬೇರು ಕಳಿಸುವುದೇ ದಾರಿ.

ಬೆಳೆ ನಿಂತಿರುವಾಗ ಗೊತ್ತಾದರೆ?

ಜಂತುಹುಳು ಮಾಡಿದ ಗಾಯದ ಮೂಲಕ, ಬಲಗುಂದಿದ ಬೇರಿನ ಮೂಲಕ ಸೊರಗು ರೋಗದ ಬ್ಯಾಕ್ಟೀರಿಯಾ ಮತ್ತು ಫ್ಯುಸೇರಿಯಂ ಶಿಲೀಂಧ್ರ ಸುಲಭವಾಗಿ ಒಳ ಸೇರುತ್ತವೆ. ಸಂಜೆಗೂ ಚೇತರಿಸಿಕೊಳ್ಳದ ಗಿಡಗಳಲ್ಲಿ ಈ ಎರಡನೇ ಶತ್ರು ಸೇರಿರಬಹುದು. ಅಂಥ ಗಿಡದ ಕಾಂಡವನ್ನು ಕತ್ತರಿಸಿ ಒಂದು ಗ್ಲಾಸ್ ನೀರಿನಲ್ಲಿ ತೂಗುಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಆ ಗಿಡ ಉಳಿಯದು, ಬುಡದ ಮಣ್ಣು ಸಮೇತ ತೆಗೆಯಬೇಕು.

ಉಳಿದ ಗಿಡಗಳಿಗೆ ಒಮ್ಮೆಲೇ ಹೆಚ್ಚು ನೀರು ಕೊಡುವ ಬದಲು ಕಡಿಮೆ ಪ್ರಮಾಣದಲ್ಲಿ ಪದೇ ಪದೇ ಕೊಟ್ಟರೆ, ಉಳಿದಿರುವ ಬೇರಿನಿಂದಲೇ ಇನ್ನೆರಡು ಮೂರು ಕೊಯ್ಲು ಸಿಗಬಹುದು. ತೇಪೆಗಳ ನಾಲ್ಕು ಮೂಲೆಗೆ ಗೂಟ ಹೊಡೆದು ಗುರುತು ಮಾಡಿಟ್ಟುಕೊಳ್ಳಬೇಕು. ಗಿಡ ಕಿತ್ತ ಮೇಲೆ ಹೊಲವೆಲ್ಲ ಒಂದೇ ಥರ ಕಾಣುತ್ತದೆ. ಬೇವಿನ ಹಿಂಡಿ, ಜೈವಿಕ ಗೊಬ್ಬರ, ಚೆಂಡು ಹೂ ಎಲ್ಲಿಗೆ ಮೊದಲು ಹೋಗಬೇಕು ಎಂಬುದನ್ನು ಮುಂದಿನ ಋತುವಿನಲ್ಲಿ ಹೇಳುವುದು ಆ ಗೂಟಗಳೇ.